ಫ್ಲಶ್ ಜೋರಿಲ್ಲ ಅಂದರೆ ಮೊದಲು ಅಳೆಯಿರಿ: ಎಷ್ಟು ಲೀಟರ್, ಎಷ್ಟು ಸೆಕೆಂಡ್?

ನಮ್ಮ ಮನೆ ಬೆಂಗಳೂರಿನ ಹೊರವಲಯದಲ್ಲಿದೆ. ಇಲ್ಲಿಗೆ ಕಾವೇರಿ ನೀರು ಇನ್ನೂ ಬಂದಿಲ್ಲ, ಎಲ್ಲದಕ್ಕೂ ಬೋರ್‌ವೆಲ್ ನೀರೇ. ಕೆಳಗಿನ ಬಾತ್‌ರೂಮಿನ ಕಮೋಡ್ ಅಮ್ಮನಿಗಾಗಿ ಹಾಕಿಸಿದ್ದು. ಮಂಡಿ ನೋವಿರುವುದರಿಂದ ಅವರಿಗೆ ಕೆಳಗೆ ಕೂರಲು ಆಗುವುದಿಲ್ಲ. ಎಂಟು ತಿಂಗಳಿಂದ ಅದರ ಫ್ಲಶ್ ದಿನೇದಿನೇ ಸೊರಗುತ್ತಾ ಬಂತು. ಮೊದಲು ಎರಡು ಸಲ ಒತ್ತಬೇಕಾಯಿತು, ಆಮೇಲೆ ಮೂರು ಸಲ. ಕೊನೆಗೆ ಅಮ್ಮ ಬಕೆಟ್‌ನಲ್ಲಿ ನೀರು ಹಿಡಿದು ಸುರಿಯಲು ಶುರು ಮಾಡಿದ್ದರು. ಒದ್ದೆ ನೆಲದ ಮೇಲೆ ಅವರು ತುಂಬಿದ ಬಕೆಟ್ ಎತ್ತುವುದನ್ನು ಕಂಡ ದಿನವೇ ಇದನ್ನು ಸರಿ ಮಾಡಲೇಬೇಕು ಅನ್ನಿಸಿತು.

ಪ್ಲಂಬರ್ ಬಂದು ಎರಡು ನಿಮಿಷ ನೋಡಿದರು. "ಹಳೇ ಪೀಸು ಸಾರ್, ಕಮೋಡ್ ತೆಗೆದು ಹೊಸದು ಹಾಕಿಸಿಬಿಡಿ" ಅಂದರು. ಹೊಸದು ಅಂದರೆ ಟೈಲ್ಸ್ ಒಡೆಯಬೇಕು, ಮೂರು ನಾಲ್ಕು ದಿನ ಬಾತ್‌ರೂಮ್ ಇರುವುದಿಲ್ಲ. ಅಮ್ಮನಿಗೆ ಮಹಡಿ ಹತ್ತಲು ಆಗುವುದಿಲ್ಲ. ಕಮೋಡ್‌ನಲ್ಲಿ ಚಲಿಸುವ ಭಾಗ ಒಂದೂ ಇಲ್ಲ, ಅದು ಬರೀ ಪಿಂಗಾಣಿ. ಪಿಂಗಾಣಿ ಸವೆದು ಶಕ್ತಿ ಕಳೆದುಕೊಳ್ಳುವುದು ಹೇಗೆ? ಈ ಪ್ರಶ್ನೆ ತಲೆಯಲ್ಲಿ ಉಳಿಯಿತು. ಎರಡು ವಾರಾಂತ್ಯ ಕೂತು ಮಾಡಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಶನಿವಾರ ಬೆಳಿಗ್ಗೆ: ಬಕೆಟ್ ಪರೀಕ್ಷೆ

ಮೊದಲು ತಿಳಿಯಬೇಕಾದದ್ದು ಒಂದೇ. ತೊಂದರೆ ನೀರು ಬರುವ ಕಡೆ ಇದೆಯೋ, ಹೋಗುವ ಕಡೆ ಇದೆಯೋ? ಅರ್ಧ ಬಕೆಟ್, ಅಂದರೆ ಆರೇಳು ಲೀಟರ್ ನೀರು ತೆಗೆದುಕೊಂಡು ಮೂರು ಸೆಕೆಂಡಿನೊಳಗೆ ಒಂದೇ ಸಮನೆ ಬೌಲಿಗೆ ಸುರಿದೆ. ನೀರು ಮೇಲೇರದೆ ಭರ್ರೆಂದು ಹೋಯಿತು. ಹಾಕಿದ್ದ ಟಿಶ್ಯೂ ಪೇಪರ್ ಉಂಡೆಗಳೂ ಅದರ ಜೊತೆ ಹೋದವು. ಹಾಗಾದರೆ ಒಳಗಿನ ಬಾಗು ಮತ್ತು ಹೊರಗಿನ ಪೈಪು ನೀರನ್ನು ಬಿಡುತ್ತಿವೆ. ಬಕೆಟ್ ಸುರಿದಾಗ ನೀರು ಅಂಚಿನವರೆಗೆ ಏರಿ ನಿಧಾನವಾಗಿ ಇಳಿದಿದ್ದರೆ ಕಥೆ ಬೇರೆ. ಆಗ ತೊಂದರೆ ಬಾಗಿನಲ್ಲೋ ಪೈಪಿನಲ್ಲೋ ಇರುತ್ತದೆ, ಮುಂದೆ ಬರೆದಿರುವ ಯಾವುದನ್ನು ಮಾಡಿದರೂ ಉಪಯೋಗವಿಲ್ಲ.

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ನೀರಿನ ತಳ್ಳುವಿಕೆಯಿಂದಲೇ ಕೆಲಸ ಮಾಡುವ ಕಮೋಡ್. ಅದಕ್ಕೆ ಬೇಕಾದಷ್ಟು ನೀರು ಬೇಕು, ಆ ನೀರು ಒಟ್ಟಿಗೆ ಬರಬೇಕು. ಅಷ್ಟೇ ನೀರು ಜಿನುಗುತ್ತಾ ಬಂದರೆ ಸುಮ್ನೆ ಬೌಲಿನ ಗೋಡೆ ತೊಳೆದು ಹರಿದು ಹೋಗುತ್ತದೆ, ಯಾವುದನ್ನೂ ತಳ್ಳುವುದಿಲ್ಲ. ಅಮ್ಮ ಸುರಿಯುತ್ತಿದ್ದ ಬಕೆಟ್ ಕೆಲಸ ಮಾಡುತ್ತಿದ್ದದ್ದು, ಟ್ಯಾಂಕ್ ಮಾಡದೆ ಇದ್ದದ್ದು ಇದಕ್ಕೇ.

ಹಾಗಾಗಿ ಎರಡು ಲೆಕ್ಕ ತೆಗೆಯಲು ಕೂತೆ. ಒಂದು ಫ್ಲಶ್‌ಗೆ ಎಷ್ಟು ಲೀಟರ್ ಬರುತ್ತಿದೆ? ಅದು ಬರಲು ಎಷ್ಟು ಸೆಕೆಂಡ್ ಹಿಡಿಯುತ್ತಿದೆ?

ಲೀಟರ್ ಮತ್ತು ಸೆಕೆಂಡ್

ಟ್ಯಾಂಕಿಗೆ ನೀರು ಬರುವ ಆಂಗಲ್ ವಾಲ್ವ್ ಮುಚ್ಚಿದೆ. ಅದನ್ನು ಮುಚ್ಚದಿದ್ದರೆ ಫ್ಲಶ್ ನಡೆಯುತ್ತಿರುವಾಗಲೇ ಹೊಸ ನೀರು ಸೇರಿ ಲೆಕ್ಕ ತಪ್ಪುತ್ತದೆ. ಮುಚ್ಚಳ ತೆಗೆದು, ನೀರು ನಿಂತಿದ್ದ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿದೆ. ಫೋನಿನಲ್ಲಿ ವಿಡಿಯೋ ಇಟ್ಟು ದೊಡ್ಡ ಬಟನ್ ಒತ್ತಿದೆ. ನೀರು ಇಳಿದು ನಿಂತ ಮೇಲೆ ಎರಡನೇ ಗೆರೆ. ಎರಡರ ನಡುವೆ 8.5 ಸೆಂ.ಮೀ. ಟ್ಯಾಂಕಿನ ಒಳ ಅಳತೆ 34 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ. ಮೂರನ್ನೂ ಗುಣಿಸಿದರೆ 4046, ಅಂದರೆ 4 ಲೀಟರ್. ಟ್ಯಾಂಕ್ ಕೆಳಗೆ ಕಿರಿದಾಗುತ್ತಾ ಹೋಗುತ್ತದಲ್ವಾ, ಅದಕ್ಕೆ ಖಾತ್ರಿಗೆಂದು ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿಸಿ ನೋಡಿದೆ. ಮೇಲಿನ ಗೆರೆ ಮುಟ್ಟಲು ನಾಲ್ಕು ಬಾಟಲಿಗಿಂತ ಸ್ವಲ್ಪ ಕಡಿಮೆ ಹಿಡಿಯಿತು.

ಇದು 3 ಲೀಟರ್ ಮತ್ತು 6 ಲೀಟರ್ ಬಟನ್ ಇರುವ ಟ್ಯಾಂಕ್. ದೊಡ್ಡ ಬಟನ್‌ಗೆ 6 ಬರಬೇಕಾದಲ್ಲಿ 4 ಬರುತ್ತಿದೆ. ನೀರಿನ ಮಟ್ಟ ತಪ್ಪಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ವಿಡಿಯೋ ಇನ್ನೊಂದು ವಿಷಯ ಹೇಳಿತು. ಆ 4 ಲೀಟರ್ ಇಳಿಯಲು 9 ಸೆಕೆಂಡ್ ಹಿಡಿದಿತ್ತು. ಚೆನ್ನಾಗಿರುವ ಫ್ಲಶ್‌ನಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ 2 ಲೀಟರ್ ನೀರು ಬರಬೇಕು. ಇಲ್ಲಿ ಅರ್ಧ ಲೀಟರ್ ಕೂಡ ಬರುತ್ತಿಲ್ಲ. ಬರೀ ಮಟ್ಟ ಕಡಿಮೆ ಇದ್ದಿದ್ದರೆ ನೀರು ಕಡಿಮೆ ಬರುತ್ತಿತ್ತು, ಆದರೆ ಬೇಗ ಮುಗಿಯುತ್ತಿತ್ತು. ನೀರು ಸರಿಯಾಗಿದ್ದು ಸಮಯ ಜಾಸ್ತಿ ಹಿಡಿದಿದ್ದರೆ ದಾರಿ ಕಟ್ಟಿದೆ ಅಂತ ಅರ್ಥ. ನಮ್ಮಲ್ಲಿ ಎರಡೂ ಇತ್ತು.

ಮೊದಲು ಸುಲಭದ ಕೆಲಸ ಮಾಡಿ ನೋಡೋಣ ಅಂತ ಬಾಟಲಿಯಿಂದ ಟ್ಯಾಂಕನ್ನು 6 ಲೀಟರ್ ಮಟ್ಟಕ್ಕೆ ತುಂಬಿಸಿ ಫ್ಲಶ್ ಮಾಡಿದೆ. 13 ಸೆಕೆಂಡ್. ಟಿಶ್ಯೂ ಉಂಡೆಗಳು ಅಲ್ಲೇ ತಿರುಗುತ್ತಾ ಉಳಿದವು. ದಾರಿ ಬಿಡಿಸದೆ ಮಟ್ಟ ಏರಿಸಿದರೆ ನೀರು ಖರ್ಚಾಗುತ್ತದೆ ಹೊರತು ಬೇರೇನೂ ಆಗುವುದಿಲ್ಲ.

ಅಂಚಿನ ಕೆಳಗೆ ಏನಿದೆ

ಕಮೋಡಿನ ಮೇಲಿನ ಅಂಚು, ಅಂದರೆ ರಿಮ್, ಒಳಗೆ ಟೊಳ್ಳು. ಟ್ಯಾಂಕಿನ ನೀರು ಮೊದಲು ಆ ಟೊಳ್ಳಿಗೆ ಬಂದು, ಅಂಚಿನ ಕೆಳಭಾಗದ ತೂತುಗಳಿಂದ ಬೌಲಿಗೆ ಇಳಿಯುತ್ತದೆ. ನಿಂತು ನೋಡಿದರೆ ಈ ತೂತುಗಳು ಕಾಣುವುದಿಲ್ಲ. ಹೆಂಡತಿಯ ಕೈಕನ್ನಡಿಯನ್ನು ಅಂಚಿನ ಕೆಳಗೆ ಹಿಡಿದು ಟಾರ್ಚ್ ಬಿಟ್ಟೆ. ಒಟ್ಟು 22 ತೂತು, ಹಿಂದುಗಡೆ ಸ್ವಲ್ಪ ದೊಡ್ಡ ಬಾಯಿ ಒಂದು. 22ರಲ್ಲಿ ಸರಿಯಾಗಿ ತೆರೆದಿದ್ದದ್ದು ಒಂಬತ್ತು. ಉಳಿದವುಗಳಲ್ಲಿ ಕೆಲವು ಸಾಸಿವೆ ಕಾಳಿನಷ್ಟಾಗಿದ್ದವು, ಎಡಗಡೆಯ ಆರು ಪೂರ್ತಿ ಮುಚ್ಚಿದ್ದವು. ತೂತಿನ ಸುತ್ತ ಕೊಳವೆಯಂತೆ ಕೆಳಗಿಳಿದ ಬಿಳಿ ಉಪ್ಪು, ಅದರ ತುದಿ ಕಂದು ಬಣ್ಣ. ಬಿಳಿಯದು ಸುಣ್ಣ, ಕಂದು ಬಣ್ಣ ನೀರಿನ ಕಬ್ಬಿಣದ್ದು.

ಯಾವ ಕಡೆ ಎಷ್ಟು ನೀರು ಬರುತ್ತಿದೆ ಅಂತ ನೋಡಲು ಒಂದು ಸರಳ ಪರೀಕ್ಷೆ ಇದೆ. ಬೌಲಿನ ಒಳಗೋಡೆ ಒರೆಸಿ, ಅಂಚಿನಿಂದ 2.5 ಸೆಂ.ಮೀ. ಕೆಳಗೆ ಮಗಳ ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆದೆ. ನೀರಿನಲ್ಲಿ ತೊಳೆದುಹೋಗುವ ಶಾಯಿಯೇ ಬೇಕು, ಪರ್ಮನೆಂಟ್ ಮಾರ್ಕರ್ ಬೇಡ. ಫ್ಲಶ್ ಮಾಡಿದಾಗ ಬಲಗಡೆ ಅಳಿಸಿತು, ಎಡಗಡೆ ಒಂದೂವರೆ ಗೇಣು ಗೆರೆ ಹಾಗೇ ಉಳಿಯಿತು. ಅಮೆರಿಕದ ಕಮೋಡ್ ಮಾನದಂಡದಲ್ಲೂ ಇದೇ ಬಗೆಯ ಗೆರೆ ಪರೀಕ್ಷೆ ಇದೆ. ಅಲ್ಲಿ ಉಳಿದ ತುಂಡುಗಳೆಲ್ಲ ಸೇರಿ 50 ಮಿ.ಮೀ. ಮೀರಬಾರದು, ಯಾವ ಒಂದು ತುಂಡೂ 13 ಮಿ.ಮೀ. ದಾಟಬಾರದು. ನಾವು ಅಷ್ಟು ಕಟ್ಟುನಿಟ್ಟಾಗಿ ಇರಬೇಕಿಲ್ಲ, ಆದರೆ ಒಂದೂವರೆ ಗೇಣು ಬಹಳ ಜಾಸ್ತಿ ಆಯಿತು.

ಯಾವ ಆಸಿಡ್?

ಗಾಡಿಯಲ್ಲಿ ಮಾರಿಕೊಂಡು ಬರುವ ಹಳದಿ ಬಾತ್‌ರೂಮ್ ಆಸಿಡ್ ಸುಣ್ಣವನ್ನು ಬೇಗ ಕರಗಿಸುತ್ತದೆ, ನಿಜ. ಆದರೆ ಅದರ ಹೊಗೆ ಗಂಟಲು ಸುಡುತ್ತದೆ, ನಲ್ಲಿಯ ಹೊಳಪು ತಿನ್ನುತ್ತದೆ, ಟೈಲ್ಸ್ ಸಂದಿನ ಸಿಮೆಂಟನ್ನೂ ಬಿಡುವುದಿಲ್ಲ. ಅಂಚಿನ ಟೊಳ್ಳಿನೊಳಗೆ ಗಂಟೆಗಟ್ಟಲೆ ಇಡಲು ನನಗೆ ಅದು ಬೇಡವಾಗಿತ್ತು. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್, ಕೆಲವರು ನಿಂಬೆ ಉಪ್ಪು ಅನ್ನುತ್ತಾರೆ, ಅರ್ಧ ಕಿಲೋ ತಂದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ.

ಬೆಚ್ಚಗಿನ ನೀರು ಅಂದರೆ ಕೈ ಇಡುವಷ್ಟು ಬಿಸಿ. ಕುದಿಯುವ ನೀರು ಸುರಿದರೆ ಪಿಂಗಾಣಿ ಬಿರುಕು ಬಿಡಬಹುದು. ಇನ್ನೊಂದು ಕಾರಣವೂ ಇದೆ. ಸಿಟ್ರಿಕ್ ಆಸಿಡ್ ಸುಣ್ಣದ ಜೊತೆ ಸೇರಿದಾಗ ಆಗುವ ವಸ್ತು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ ಕರಗುತ್ತದೆ. ಬಿಳಿ ರಾಡಿಯಾಗಿ ತಳದಲ್ಲಿ ಕೂರುತ್ತದೆ. ಅದಕ್ಕೇ ಒಂದೇ ಸಲ ತುಂಬಾ ಗಟ್ಟಿಯಾಗಿ ಕಲಸಿ ಹಾಕುವುದಕ್ಕಿಂತ, ಹೊಸದಾಗಿ ಕಲಸಿ ಎರಡು ಮೂರು ಸಲ ಹಾಕುವುದು ಒಳ್ಳೆಯದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಮ್ಮನಿಗೆ ವಾರಕ್ಕೊಮ್ಮೆ ಕಮೋಡಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ. ಬ್ಲೀಚಿಂಗ್ ಪೌಡರ್ ಮತ್ತು ಯಾವುದೇ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ನಾಲ್ಕು ದಿನ ಮೊದಲೇ ಪೌಡರ್ ಡಬ್ಬ ಎತ್ತಿಟ್ಟೆ, ಕೆಲಸಕ್ಕೆ ಮೊದಲು ಮೂರು ಸಲ ಫ್ಲಶ್ ಮಾಡಿದೆ, ಕಿಟಕಿ ತೆರೆದಿಟ್ಟೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ.

ತೂತು ಬಿಡಿಸಿದ್ದು

ಆಸಿಡ್ ಅಂಚಿನ ಟೊಳ್ಳಿನಲ್ಲಿ ನಿಲ್ಲಬೇಕು, ಆದರೆ ಅಲ್ಲಿ ತೂತುಗಳಿವೆ. ಸುರಿದದ್ದೆಲ್ಲ ಸೋರಿ ಹೋಗುತ್ತದೆ. ಹಾಗಾಗಿ ತೂತುಗಳನ್ನು ಕೆಲವು ಗಂಟೆ ಮುಚ್ಚಬೇಕು. ಮೊದಲು ಅಗಲದ ಟೇಪ್ ಅಂಟಿಸಿದೆ. ಎಷ್ಟು ಒರೆಸಿದರೂ ಒಳಗಿನ ತೇವ ಇಳಿದು ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡಿತು. ಆಮೇಲೆ ಮಕ್ಕಳು ಆಡುವ ಎಣ್ಣೆ ಜೇಡಿಮಣ್ಣನ್ನು, ಅಂದರೆ ಒಣಗದ ಕ್ಲೇಯನ್ನು, ಬೆರಳು ದಪ್ಪ ಹೊಸೆದು ಅಂಚಿನ ಕೆಳಗೆ ಸುತ್ತಲೂ ಒತ್ತಿದೆ. ಅದು ನಿಂತಿತು.

ಆಂಗಲ್ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಟ್ಯಾಂಕಿನ ನಡುವೆ ನಿಂತಿರುವ ಓವರ್‌ಫ್ಲೋ ಪೈಪಿಗೆ ಆಲಿಕೆ ಇಟ್ಟು ದ್ರಾವಣ ನಿಧಾನವಾಗಿ ಸುರಿದೆ. ಈ ಪೈಪು ಫ್ಲಶ್ ವಾಷರನ್ನು ದಾಟಿ ನೇರ ಅಂಚಿನ ಟೊಳ್ಳಿಗೆ ಹೋಗುತ್ತದೆ. ಒಂದು ನಿಮಿಷದಲ್ಲೇ ಒಳಗಿನಿಂದ ಚರಚರ ಸದ್ದು, ಪೈಪಿನ ಬಾಯಲ್ಲಿ ನೊರೆ. ಸುಣ್ಣ ಕರಗುತ್ತಿದೆ ಅಂತ ಅದರ ಅರ್ಥ. ನೊರೆಗೆ ಜಾಗ ಬೇಕು, ಹಾಗಾಗಿ ಗಡಿಬಿಡಿಯಿಂದ ಸುರಿಯಬಾರದು. ನಾಲ್ಕು ಗಂಟೆ ಬಿಟ್ಟೆ. ಮಧ್ಯಾಹ್ನ ಕ್ಲೇ ಕಿತ್ತಾಗ ಇಳಿದದ್ದು ಮೊಸರಿನ ನೀರಿನಂಥ ಬಿಳಿ ರಾಡಿ, ಜೊತೆಗೆ ಕಂದು ಚೂರುಗಳು.

ಆಮೇಲೆ ತೂತುಗಳನ್ನು ಒಂದೊಂದಾಗಿ ಚುಚ್ಚಿದೆ. ಇದಕ್ಕೆ ಕಬ್ಬಿಣದ ತಂತಿ, ಡ್ರಿಲ್ ಬಿಟ್ ಬೇಡ. ಅವು ಪಿಂಗಾಣಿಯ ಹೊಳಪಿನ ಪದರವನ್ನು ಗೀರುತ್ತವೆ. ಗೀರಿದ ಜಾಗದಲ್ಲಿ ಸುಣ್ಣ ಮತ್ತೆ ಬೇಗ ಹಿಡಿಯುತ್ತದೆ. ದಪ್ಪ ಪ್ಲಾಸ್ಟಿಕ್ ಕೇಬಲ್ ಟೈ ಸಾಕಾಯಿತು. ತೀರಾ ಗಟ್ಟಿ ಇದ್ದ ಕಡೆ ಕರೆಂಟ್ ವೈರಿನ ತಾಮ್ರದ ತಂತಿಯ ತುದಿಯನ್ನು ಮಡಚಿ ಬಳಸಿದೆ. ಚುಚ್ಚಿದಾಗ ಚೂರುಗಳು ಕೆಳಗೆ ಬೀಳುವ ಬದಲು ಟೊಳ್ಳಿನೊಳಗೇ ಹೋಗಿ ಕೂರುತ್ತವೆ, ಮುಂದಿನ ಫ್ಲಶ್‌ನಲ್ಲಿ ಬಂದು ಪಕ್ಕದ ತೂತಿಗೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ನಾಲ್ಕೈದು ತೂತಿಗೊಮ್ಮೆ ಫ್ಲಶ್ ಮಾಡಿ, ಕನ್ನಡಿ ಹಿಡಿದು ಮತ್ತೆ ನೋಡುತ್ತಿದ್ದೆ.

ಸಂಜೆ ಅಳೆದಾಗ ಅದೇ 4 ಲೀಟರ್ 6 ಸೆಕೆಂಡಿನಲ್ಲಿ ಇಳಿಯಿತು. ರಾತ್ರಿ ಎರಡನೇ ಸುತ್ತು ದ್ರಾವಣ ಹಾಕಿ ಬೆಳಗಿನವರೆಗೆ ಬಿಟ್ಟೆ. ಅಷ್ಟು ಹೊತ್ತು ಅಮ್ಮನಿಗೆ ಪಕ್ಕದ ಮನೆಯ ಬಾತ್‌ರೂಮ್. ಭಾನುವಾರ ಬೆಳಿಗ್ಗೆ 4 ಲೀಟರ್‌ಗೆ ಎರಡೂವರೆ ಸೆಕೆಂಡ್ ಬಂತು. 22ರಲ್ಲಿ 20 ತೂತು ತೆರೆದಿದ್ದವು. ಗೆರೆ ಪರೀಕ್ಷೆಯಲ್ಲಿ ಎಡಗಡೆ ಎರಡು ಸಣ್ಣ ತುಂಡು ಮಾತ್ರ ಉಳಿಯಿತು.

ಬೌಲಿನ ಗಂಟಲು

ನೀರು ನಿಲ್ಲುವ ಗೆರೆಯಲ್ಲಿ, ಮತ್ತು ನೀರು ಒಳಗೆ ಹೋಗುವ ಗಂಟಲಿನ ಸುತ್ತ ಕಂದುಬಣ್ಣದ ಒರಟು ಪದರ ಇತ್ತು. ಗ್ಲೌಸ್ ಹಾಕಿದ ಬೆರಳಿನಿಂದ ಮುಟ್ಟಿದರೆ ಮರಳುಕಾಗದದಂತೆ ತಾಗುತ್ತಿತ್ತು. ಇದು ಬರೀ ನೀರಿನ ಸುಣ್ಣ ಅಲ್ಲ, ಮೂತ್ರದ ಲವಣಗಳೂ ಸೇರಿದ ಕಟ್ಟು. ಬಕೆಟ್ ಪರೀಕ್ಷೆಯಲ್ಲಿ ನೀರು ಹೋಗಿತ್ತಲ್ಲ, ಹಾಗಾಗಿ ದಾರಿಯೇನೂ ಮುಚ್ಚಿರಲಿಲ್ಲ. ಆದರೆ ಒರಟು ಜಾಗದಲ್ಲಿ ಕಾಗದ ಅಂಟಿ ನಿಲ್ಲುತ್ತಿತ್ತು.

ಇದಕ್ಕೆ ಅಂಗಡಿಯ ಟಾಯ್ಲೆಟ್ ಕ್ಲೀನರ್ ಬಳಸಿದೆ. ಜನ ಸಾಮಾನ್ಯವಾಗಿ ಇದನ್ನು ನಿಂತ ನೀರಿಗೇ ಸುರಿಯುತ್ತಾರೆ. ಅಲ್ಲಿ ಅದು ಒಂದೆರಡು ಲೀಟರ್ ನೀರಿನಲ್ಲಿ ಬೆರೆತು ಸಪ್ಪೆಯಾಗುತ್ತದೆ. ನಾನು ಬ್ರಶ್‌ನಿಂದ ನೀರನ್ನು ಒಳಗೆ ತಳ್ಳಿ, ಉಳಿದದ್ದನ್ನು ಸ್ಪಂಜಿನಿಂದ ಹೀರಿ ತೆಗೆದೆ. ಆಮೇಲೆ ಕ್ಲೀನರ್‌ನಲ್ಲಿ ನೆನೆಸಿದ ಟಿಶ್ಯೂವನ್ನು ಆ ಪದರದ ಮೇಲೆ ಅಂಟಿಸಿ ಒಂದು ಗಂಟೆ ಬಿಟ್ಟೆ. ನೀರು ತೆಗೆದಾಗ ಪೈಪಿನ ಗಾಳಿ ಒಳಗೆ ಬರುತ್ತದೆ, ಬಾಗಿಲು ಮುಚ್ಚಿಟ್ಟು ಕಿಟಕಿ ತೆರೆದಿಡಬೇಕು. ಎರಡು ಸಲ ಮಾಡಿದ ಮೇಲೆ ಪದರ ಮೆತ್ತಗಾಗಿ ನೈಲಾನ್ ಬ್ರಶ್‌ಗೇ ಬಂತು.

ಮುಂದಿನ ಶನಿವಾರ: ನೀರಿನ ಮಟ್ಟ

ಈಗ ಮಟ್ಟದ ಸರದಿ. ಟ್ಯಾಂಕಿನ ಒಳಗೋಡೆಯಲ್ಲಿ ನೀರಿನ ಮಟ್ಟದ ಗುರುತು ಇರುತ್ತದೆ. ನಮ್ಮದರಲ್ಲಿ ಉಪ್ಪಿನ ಪದರದ ಕೆಳಗೆ ಮುಚ್ಚಿಹೋಗಿತ್ತು, ಉಜ್ಜಿದಾಗ ಕಾಣಿಸಿತು. ಅದು ಓವರ್‌ಫ್ಲೋ ಪೈಪಿನ ಬಾಯಿಗಿಂತ ಎರಡೂವರೆ ಸೆಂ.ಮೀ. ಕೆಳಗೆ. ನೀರು ನಿಲ್ಲುತ್ತಿದ್ದದ್ದು ಅದಕ್ಕಿಂತ 4 ಸೆಂ.ಮೀ. ಕೆಳಗೆ. ಈ 4 ಸೆಂ.ಮೀ. ಅಂದರೆ 1.9 ಲೀಟರ್, ಪ್ರತಿ ಫ್ಲಶ್‌ನಲ್ಲೂ ನಮಗೆ ಸಿಗದೇ ಹೋಗುತ್ತಿದ್ದ ನೀರು. ನೀರಷ್ಟೇ ಅಲ್ಲ, ಮಟ್ಟ ಇಳಿದಷ್ಟೂ ಅದು ಬೀಳುವ ಒತ್ತಡವೂ ಇಳಿಯುತ್ತದೆ.

ಫ್ಲೋಟಿನ ಪಕ್ಕದ ಉದ್ದನೆಯ ಪ್ಲಾಸ್ಟಿಕ್ ಸ್ಕ್ರೂ ತಿರುಗಿಸಿ ಫ್ಲೋಟನ್ನು ಮೇಲೆತ್ತಿದೆ. ಹಳೆಯ ಟ್ಯಾಂಕುಗಳಲ್ಲಿ ಚೆಂಡು ಇರುವ ಹಿತ್ತಾಳೆ ಕಡ್ಡಿ ಇರುತ್ತದೆ, ಅದನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಬೇಕು. ನೀರು ಗುರುತಿಗೆ ಬಂತು, ಆದರೆ ನಿಲ್ಲಲಿಲ್ಲ. ತುಂಬಾ ನಿಧಾನವಾಗಿ ಏರುತ್ತಾ ಹೋಗಿ, ಇಪ್ಪತ್ತು ನಿಮಿಷದಲ್ಲಿ ಓವರ್‌ಫ್ಲೋ ಪೈಪಿಗೆ ಜಿನುಗಲು ಶುರುವಾಯಿತು.

ಮಟ್ಟ ಕಡಿಮೆ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಟ್ಯಾಂಕಿಗೆ ನೀರು ಬಿಟ್ಟು ನಿಲ್ಲಿಸುವ ಒಳವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ. ಹಿಂದೆ ಯಾವಾಗಲೋ ನೀರು ಸೋರುತ್ತಿದೆ ಅಂದಾಗ ಬಂದವರು ಒಳಗಿನ ವಾಷರ್ ನೋಡದೆ ಫ್ಲೋಟ್ ಇಳಿಸಿ ಹೋಗಿದ್ದರು. ಫ್ಲೋಟ್ ಕೆಳಗಿದ್ದರೆ ನೀರು ಏರಿದಂತೆಲ್ಲ ಅದು ಜಾಸ್ತಿ ಮುಳುಗಿ ಜಾಸ್ತಿ ಬಲದಿಂದ ವಾಷರನ್ನು ಒತ್ತುತ್ತದೆ, ಹಾಳಾದ ವಾಷರ್ ಕೂಡ ಓವರ್‌ಫ್ಲೋ ತಲುಪುವ ಮೊದಲೇ ಮುಚ್ಚಿಕೊಳ್ಳುತ್ತದೆ. ಸೋರಿಕೆ ನಿಂತಂತೆ ಕಾಣುತ್ತದೆ, ಫ್ಲಶ್ ಸೊರಗುತ್ತದೆ. ಸರಿಯಾಗಿ ಮುಚ್ಚದ ದಿನಗಳಲ್ಲಿ ಹನಿಹನಿಯಾಗಿ ಅಂಚಿನ ತೂತುಗಳಿಂದ ಇಳಿದ ನೀರೇ ಅಲ್ಲಿ ಒಣಗುತ್ತಾ ಉಪ್ಪು ಕಟ್ಟಿಸಿದ್ದು. ಪೂರ್ತಿ ಮುಚ್ಚಿದ್ದ ಎಡಗಡೆಯ ತೂತುಗಳ ಕೆಳಗೇ ಬೌಲಿನ ಮೇಲೆ ಕಂದು ಗೆರೆಗಳಿದ್ದದ್ದು ನೆನಪಾಯಿತು.

ನೀರು ಬಂದ್ ಮಾಡಿ ಒಳವಾಲ್ವಿನ ತಲೆಯನ್ನು ಕಾಲು ಸುತ್ತು ತಿರುಗಿಸಿ ಬಿಚ್ಚಿದೆ. ನಾಣ್ಯದಷ್ಟು ದೊಡ್ಡ ಕಪ್ಪು ರಬ್ಬರ್ ವಾಷರ್, ನಡುವೆ ಗುಳಿ, ಗುಳಿಯಲ್ಲಿ ಸಕ್ಕರೆ ಹರಳಿನಷ್ಟು ಸುಣ್ಣದ ಕಣ. ಕಣ ತೆಗೆದರೂ ಗುಳಿ ಹೋಗಲಿಲ್ಲ. ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿ ಅದೇ ಅಳತೆಯದು ತಂದೆ. ಅಂಗಡಿಗೆ ಹೋಗುವಾಗ ಹಳೇ ವಾಷರ್ ಕೈಯಲ್ಲಿರಬೇಕು, ಬಾಯಿಮಾತಿನ ಅಳತೆಗೆ ಸರಿಯಾದದ್ದು ಸಿಗುವುದು ಕಷ್ಟ. ನೀರು ಬರುವ ಬಾಯಿಯ ಪುಟ್ಟ ಜಾಲರಿಯಲ್ಲಿ ಬೋರ್‌ವೆಲ್ ಮರಳು ತುಂಬಿತ್ತು, ಅದನ್ನೂ ತೊಳೆದೆ.

ಜೋಡಿಸಿದ ಮೇಲೆ ನೀರು ಗುರುತಿನಲ್ಲಿ ನಿಂತಿತು, ಒಂದು ಗಂಟೆಯಾದರೂ ಅಲುಗಲಿಲ್ಲ. ಟ್ಯಾಂಕಿನ ತಳದ ವಾಷರ್ ಹೇಗಿದೆ ಅಂತ ನೋಡಲು ನೀರಿಗೆ ಅಡುಗೆ ಬಣ್ಣ ಬೆರೆಸಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಂಡೆ. ಬೌಲಿನ ನೀರು ಬೆಳ್ಳಗೇ ಇತ್ತು. ಬಣ್ಣ ಇಳಿದಿದ್ದರೆ ಆ ವಾಷರನ್ನೂ ಬದಲಿಸಬೇಕಾಗುತ್ತಿತ್ತು.

ಕೊನೆಯ ಅಳತೆ: 12.5 ಸೆಂ.ಮೀ. ಇಳಿತ, 5.95 ಲೀಟರ್, ಮೂರೂವರೆ ಸೆಕೆಂಡ್. ಟಿಶ್ಯೂ ಉಂಡೆ ಆರು ಹಾಕಿದೆ, ಆರೂ ಒಂದೇ ಸಲಕ್ಕೆ ಹೋದವು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇನ್ನೊಂದ್ ಸಲ ಒತ್ತಪ್ಪ, ನೋಡೋಣ" ಅಂದರು. ಟ್ಯಾಂಕ್ ತುಂಬುವವರೆಗೆ ಕಾದು ಇನ್ನೊಂದು ಸಲ ಒತ್ತಿದೆ.

ಇದಾಗಿ ಮೂರು ತಿಂಗಳಾಯಿತು. ತಿಂಗಳಿಗೊಮ್ಮೆ ರಾತ್ರಿ ಮಲಗುವ ಮೊದಲು 50 ಗ್ರಾಂ ಸಿಟ್ರಿಕ್ ಆಸಿಡನ್ನು ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಓವರ್‌ಫ್ಲೋ ಪೈಪಿಗೆ ಸುರಿಯುತ್ತೇನೆ. ಈಗ ಕ್ಲೇ ಒತ್ತುವುದಿಲ್ಲ, ಹೊಸ ತೆಳು ಪದರಕ್ಕೆ ಅಷ್ಟು ಸಾಕು. ಎಡಗಡೆಯ ಎರಡು ತೂತು ಇನ್ನೂ ತೆರೆದಿಲ್ಲ. ಒಳಗೆ ಕಟ್ಟಿರುವುದು ಗಟ್ಟಿಯಾಗಿದೆ, ಒತ್ತಿ ಚುಚ್ಚಿ ಪಿಂಗಾಣಿ ಚಕ್ಕೆ ಏಳಿಸುವುದು ಬೇಡ ಅಂತ ಬಿಟ್ಟಿದ್ದೇನೆ. ಹೋದ ವಾರ ಅಳೆದಾಗಲೂ ಮೂರೂವರೆ ಸೆಕೆಂಡೇ ಇತ್ತು. ನಾಲ್ಕೂವರೆ ದಾಟಿದ ದಿನ ಮತ್ತೆ ಕನ್ನಡಿ, ಕ್ಲೇ ತೆಗೆಯುತ್ತೇನೆ.